ಬೀದಿ ಪ್ರಾಣಿಗಳಿಗೆ ನೀರು, ನೆರಳು ಕೋರಿ ಪತ್ರ

ದಿನಾಂಕ: 10-03-2025

ಇಂದ:
ಅನನ್ಯ, 7ನೇ ತರಗತಿ

ಗೆ:
ಮುಖ್ಯಾಧಿಕಾರಿಗಳು, ಪುರಸಭೆ

ವಿಷಯ: ಬೇಸಿಗೆಯಲ್ಲಿ ಬೀದಿ ಪ್ರಾಣಿಗಳಿಗೆ ನೀರಿನ ಬಾನಿ ಮತ್ತು ನೆರಳು ಮಾಡಿಕೊಡುವ ಬಗ್ಗೆ.

ಮಾನ್ಯರೇ,

ನಮ್ಮ ಶಾಲೆಯ ಹಿಂದಿನ ರಸ್ತೆಯಲ್ಲಿ ಒಂದು ಕಂದು ನಾಯಿ ಇದೆ. ಮೂರು ಮರಿ ಹಾಕಿದೆ. ಹೋದ ಗುರುವಾರ ಮಧ್ಯಾಹ್ನ ಮರಿಗಳನ್ನು ಕಟ್ಟಿಕೊಂಡು, ಅಲ್ಲಿ ನಿಂತಿದ್ದ ವ್ಯಾನಿನ ಕೆಳಗೆ ಮಲಗಿತ್ತು. ಆ ರಸ್ತೆಯಲ್ಲಿ ಬೇರೆಲ್ಲೂ ನೆರಳಿಲ್ಲ. ಡ್ರೈವರ್ ಅಣ್ಣ ಗಾಡಿ ಸ್ಟಾರ್ಟ್ ಮಾಡಿದರು. ನಾವು ಕೂಗಿಕೊಂಡಿದ್ದಕ್ಕೆ ನಿಲ್ಲಿಸಿದರು. ಅವರದ್ದೇನೂ ತಪ್ಪಿಲ್ಲ, ಗಾಡಿ ಕೆಳಗಿದ್ದದ್ದು ಅವರಿಗೆ ಹೇಗೆ ಕಾಣಬೇಕು? ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಈ ಪತ್ರ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುತ್ತಾ ಮೈ ತಣ್ಣಗೆ ಮಾಡಿಕೊಳ್ಳಬೇಕು. ತೇಕಿದಷ್ಟೂ ಮೈಯಲ್ಲಿರುವ ನೀರು ಹೋಗುತ್ತದೆ. ಕುಡಿಯಲು ಸಿಗದಿದ್ದರೆ ಚರಂಡಿಗೆ ಬಾಯಿ ಹಾಕುತ್ತದೆ. ನಾನೇ ನೋಡಿದ್ದೇನೆ.

ನಮ್ಮ ಗೇಟಿನ ಪಕ್ಕ ಮೊದಲು ಪ್ಲಾಸ್ಟಿಕ್ ಬೇಸಿನ್ ಇಟ್ಟೆ. ಹಸು ಮೂತಿ ತಾಗಿಸಿದ್ದೇ ತಡ, ಮಗುಚಿಕೊಂಡಿತು. ಆಮೇಲೆ ಸ್ಟೀಲ್ ಪಾತ್ರೆ ಇಟ್ಟೆ. ನೀರು ಬಿಸಿಯಾಗಿ ನಾಯಿ ಮೂಸಿ ಸುಮ್ನೆ ಹೊರಟುಹೋಯಿತು. ಈಗ ಅಗಲ ಬಾಯಿಯ ಮಣ್ಣಿನ ಬಾನಿ ಇದೆ. ಅದರಲ್ಲಿ ನೀರು ತಣ್ಣಗಿರುತ್ತದೆ. ಆದರೆ ಬೆಳಿಗ್ಗೆ 7ಕ್ಕೆ ತುಂಬಿಸಿದರೆ 12ರ ಹೊತ್ತಿಗೆ ತಳ ಕಾಣುತ್ತದೆ, ಆಗ ನಾನು ಶಾಲೆಯಲ್ಲಿರುತ್ತೇನೆ. ಇದು ಒಬ್ಬಳಿಂದ ಆಗುವ ಕೆಲಸವಲ್ಲ ಸರ್.

ಶಾಲೆಯ ಹಿಂದೆ, ಬಸ್ ನಿಲ್ದಾಣದಲ್ಲಿ ಮತ್ತು ಮಾರುಕಟ್ಟೆಯ ಮೂಲೆಯಲ್ಲಿ ಮಣ್ಣಿನ ಅಥವಾ ಸಿಮೆಂಟಿನ ಭಾರದ ಬಾನಿಗಳನ್ನು ಇಡಿಸಿಕೊಡಿ. ಜಾಸ್ತಿ ಆಳ ಬೇಡ, ಮರಿ ಬಿದ್ದರೆ ಹತ್ತಿ ಬರುವಂತಿರಲಿ. ಒಳಗೊಂದು ಕಲ್ಲು ಇಟ್ಟರೆ ಹಕ್ಕಿಗಳೂ ಕೂತು ಕುಡಿಯುತ್ತವೆ. ಹಸುಗಳಿಗೆ ಮಾತ್ರ ಬೇರೆ ದೊಡ್ಡ ತೊಟ್ಟಿಯೇ ಬೇಕು. ತುಂಬಿಸಲು ಹತ್ತಿರ ನಲ್ಲಿ ಇದ್ದರೆ ಸಾಕು. ನೆರಳಿಗೆ ತಗಡಿನ ಶೀಟ್ ಹಾಕಿಸಬೇಡಿ, ಅದು ಕಾದು ಕೆಳಗೂ ಸುಡುತ್ತದೆ. ನಾಲ್ಕು ಕಂಬಕ್ಕೆ ಹಸಿರು ನೆಟ್ ಕಟ್ಟಿದರೆ ಗಾಳಿಯೂ ಆಡುತ್ತದೆ. ಮಳೆ ಬಂದಾಗ ಅಲ್ಲೇ ಗಿಡ ನೆಡಬಹುದು.

ಪಕ್ಕದ ಮನೆ ಆಂಟಿ, ನೀರಿಟ್ಟರೆ ಸೊಳ್ಳೆ ಆಗುತ್ತದೆ ಎಂದರು. ಅವರ ಭಯ ಸರಿಯೇ. ಆದರೆ ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಒಂದು ವಾರ ಬೇಕು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಬಾನಿಯ ಒಳಗೋಡೆ ಉಜ್ಜಿ ತೊಳೆದರೆ ಅದು ಬೆಳೆಯುವುದೇ ಇಲ್ಲ. ಕೆಲವು ಸೊಳ್ಳೆಗಳ ಮೊಟ್ಟೆ ಗೋಡೆಗೇ ಅಂಟಿರುತ್ತದೆ, ಹಾಗಾಗಿ ಉಜ್ಜಲೇಬೇಕು. ಆ ಕೆಲಸ ನಮ್ಮದು. ನಮ್ಮ ತರಗತಿಯ 11 ಮಕ್ಕಳು ದಿನ ಹಂಚಿಕೊಂಡಿದ್ದೇವೆ, ರಜೆಯಲ್ಲೂ ಬರುತ್ತೇವೆ. ಎಲ್ಲರ ಸಹಿ ಇರುವ ಹಾಳೆ ಇದರ ಜೊತೆಗಿದೆ.

ಮರಿಗಳು ಕಣ್ಣು ಬಿಟ್ಟು ಇನ್ನೂ ಹೆಚ್ಚು ದಿನ ಆಗಿಲ್ಲ. ಶಾಲೆಯ ಹಿಂದಿನ ರಸ್ತೆಯಿಂದಲೇ ಶುರು ಮಾಡಿಸುತ್ತೀರಾ ಸರ್?

ಇಂತಿ ತಮ್ಮ ವಿಶ್ವಾಸಿ,
ಅನನ್ಯ