ಹತ್ತು ರೂಪಾಯಿ ನಾಣ್ಯದ ವಿಚಾರ: ನಮ್ಮ ಮನೆಯ ಗುಂಪಿಗೆ

ಎಲ್ಲರಿಗೂ ನಮಸ್ಕಾರ. ರೂಪಾಯಿ ಚಿಹ್ನೆ ಇಲ್ಲದ, ಅಂಚಿನಲ್ಲಿ ಹದಿನೈದು ಗೆರೆ ಇರುವ ಹತ್ತು ರೂಪಾಯಿ ನಾಣ್ಯ ನಕಲಿ, ಒಂದಕ್ಕೆ ಎಂಟು ರೂಪಾಯಿ ಸಿಕ್ಕರೂ ಕೊಟ್ಟುಬಿಡಿ ಎಂದು ಬೆಳಿಗ್ಗೆ ದೊಡ್ಡಪ್ಪ ಹಾಕಿದ ಸಂದೇಶ ನೋಡಿದ ಕೂಡಲೇ ನನಗೆ ನೆನಪಾದದ್ದು ಅಜ್ಜಿಯ ಬಿಸ್ಕತ್ತಿನ ಡಬ್ಬಿ. ಅದರ ತುಂಬ ಇರುವುದು ಹತ್ತರ ನಾಣ್ಯಗಳೇ. ಹಾಗಾಗಿ ಮಧ್ಯಾಹ್ನ ಕುಳಿತು ಹುಡುಕಿದೆ. ಸಿಕ್ಕಿದ್ದನ್ನು ದೊಡ್ಡಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. "ಗುಂಪಿಗೇ ಹಾಕು, ಎಲ್ಲರೂ ನೋಡಲಿ" ಎಂದರು.

ಮೊದಲು ಮುಖ್ಯ ಮಾತು: ಯಾರೂ ನಾಣ್ಯಗಳನ್ನು ಹತ್ತಕ್ಕೆ ಎಂಟರಂತೆ ಕೊಟ್ಟುಬಿಡಬೇಡಿ. ರೂಪಾಯಿ ಚಿಹ್ನೆ ಇರುವ ನಾಣ್ಯವೂ ನಡೆಯುತ್ತದೆ, ಇಲ್ಲದ ನಾಣ್ಯವೂ ನಡೆಯುತ್ತದೆ. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಎಂಬುದೂ ಸರಿಯಲ್ಲ.

ಈ ಗೊಂದಲ ಹಳೆಯದು. ಇದಕ್ಕಾಗಿಯೇ ರಿಸರ್ವ್ ಬ್ಯಾಂಕ್ 2018ರ ಜನವರಿ 17ರಂದು ಪತ್ರಿಕಾ ಪ್ರಕಟಣೆ ಹೊರಡಿಸಿತ್ತು. ಅಲ್ಲಿಯವರೆಗೆ ಹತ್ತು ರೂಪಾಯಿ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಕಾನೂನುಬದ್ಧ, ವ್ಯವಹಾರಕ್ಕೂ ಬದಲಾವಣೆಗೂ ತೆಗೆದುಕೊಳ್ಳುವಂತೆ ಬ್ಯಾಂಕುಗಳ ಎಲ್ಲ ಶಾಖೆಗಳಿಗೆ ತಿಳಿಸಲಾಗಿದೆ ಎಂದು ಅದರಲ್ಲಿದೆ. ನನ್ನ ಮಾತು ನಂಬಬೇಕಾಗಿಲ್ಲ. rbi.org.in ತೆರೆದು, ಪತ್ರಿಕಾ ಪ್ರಕಟಣೆಗಳ ವಿಭಾಗದಲ್ಲಿ ಆ ದಿನಾಂಕಕ್ಕೆ ಹೋದರೆ ನೀವೇ ಓದಬಹುದು. ಇಂಗ್ಲಿಷಿನಲ್ಲಿದೆ, ಆದರೆ ಚಿಕ್ಕದು. ಸಂಜೆ ಅತ್ತೆಗೆ ನಾನು ಕನ್ನಡದಲ್ಲಿ ಹೇಳುತ್ತೇನೆ.

ಚಿಹ್ನೆಯ ವಿಷಯ ಯೋಚಿಸಿದರೆ ತಮಾಷೆಯಾಗಿದೆ. ರೂಪಾಯಿಗೆ ಈಗಿನ ₹ ಚಿಹ್ನೆ ಬಂದದ್ದೇ 2010ರ ಜುಲೈನಲ್ಲಿ. ಅದಕ್ಕಿಂತ ಮೊದಲು ಅಚ್ಚಾದ ನಾಣ್ಯದಲ್ಲಿ ಅದು ಎಲ್ಲಿಂದ ಬರಬೇಕು? ನಡುವೆ ಹೋಮಿ ಭಾಭಾ ಶತಮಾನೋತ್ಸವಕ್ಕೊಂದು, ಅಂಬೇಡ್ಕರ್ ಅವರ 125ನೇ ಜಯಂತಿಗೊಂದು, ಯೋಗ ದಿನಕ್ಕೊಂದು ಎಂದು ಬೇರೆ ಬೇರೆ ಮುಖದ ನಾಣ್ಯಗಳು ಬಂದವು. ಒಂದರ ಪಕ್ಕ ಇನ್ನೊಂದನ್ನು ಇಟ್ಟರೆ ಅನುಮಾನ ಬರುವುದು ಸಹಜವೇ. ಖೋಟಾ ನಾಣ್ಯ ಎಂಬುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಗೆರೆ ಎಣಿಸಿ ಅದನ್ನು ಕಂಡುಹಿಡಿಯಲು ಆಗುವುದಿಲ್ಲ, ಅಷ್ಟೇ.

ದೊಡ್ಡಪ್ಪ ಸುಮ್ಮನೆ ಕಳುಹಿಸಿದ್ದಲ್ಲ. ಹೋದ ವಾರ ಸಂತೆಯಲ್ಲಿ ಸೊಪ್ಪಿನವರು ಅವರ ಕೈಯಿಂದ ನಾಣ್ಯ ತೆಗೆದುಕೊಳ್ಳದೆ ವಾಪಸು ಕೊಟ್ಟಿದ್ದರು. ಮರುದಿನವೇ ಇಂಥ ಸಂದೇಶ ಬಂದರೆ ಯಾರಾದರೂ ನಂಬುತ್ತಾರೆ. ಇನ್ನು ನನ್ನ ಕಥೆ ನಿಮಗೆ ಗೊತ್ತೇ ಇದೆ. 2016ರಲ್ಲಿ ಹೊಸ ಎರಡು ಸಾವಿರದ ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಸರ್ಕಾರಕ್ಕೆ ಗೊತ್ತಾಗುತ್ತದೆ ಎಂದು ಇದೇ ಗುಂಪಿಗೆ ಹಾಕಿದವಳು ನಾನು. ಸುರೇಶ ಚಿಕ್ಕಪ್ಪ ನೋಟನ್ನು ಬಲ್ಬಿಗೆ ಹಿಡಿದು ಅರ್ಧ ಗಂಟೆ ಚಿಪ್ ಹುಡುಕಿದ್ದರು. ಎಂಜಿನಿಯರಿಂಗ್ ಓದಿದವಳು ಎಂಬ ಮರ್ಯಾದೆಯೂ ಅವತ್ತೇ ಹೋಯಿತು.

ಚಿಕ್ಕಪ್ಪ, ನಿಮ್ಮ ಅಂಗಡಿಯಲ್ಲಿ ಗಿರಾಕಿಗಳು ಕೊಟ್ಟರೆ ಧಾರಾಳವಾಗಿ ತೆಗೆದುಕೊಳ್ಳಿ. ಒಂದು ಸಣ್ಣ ಮಿತಿ ಇದೆ: 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳು ಒಟ್ಟು ಸಾವಿರ ರೂಪಾಯಿಯವರೆಗಿನ ಪಾವತಿಗೆ ಕಾನೂನುಬದ್ಧ. ಯಾರಾದರೂ ಮೂಟೆ ಹೊತ್ತು ತಂದು ಐದು ಸಾವಿರದ ಹಳೆಯ ಬಾಕಿ ತೀರಿಸಲು ಬಂದರೆ ನೀವು ಒಪ್ಪಲೇಬೇಕೆಂದಿಲ್ಲ.

ದೊಡ್ಡಪ್ಪ, ಆ ಸಂದೇಶ ನಿಮಗೆ ಬಂದದ್ದು ವಾಕಿಂಗ್ ಗೆಳೆಯರ ಗುಂಪಿನಿಂದ ಎಂದಿರಿ. ಅಲ್ಲಿ ನಿವೃತ್ತರೇ ಹೆಚ್ಚು, ಚಿಲ್ಲರೆ ಕೂಡಿಟ್ಟವರೂ ಇರಬಹುದು. ನಿಮಗೆ ಸರಿ ಎನಿಸಿದರೆ ಕೆಳಗಿನ ಮೂರು ಸಾಲನ್ನು ನೀವೇ ಅಲ್ಲಿಗೆ ಹಾಕಿ. ನಿಮ್ಮ ಮಾತಿಗೆ ಅಲ್ಲಿ ತೂಕವಿದೆ.

"ಗೆಳೆಯರೇ, ಹತ್ತು ರೂಪಾಯಿ ನಾಣ್ಯದ ಬಗ್ಗೆ ವಿಚಾರಿಸಿದೆ. ಎಲ್ಲ ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 17-1-2018ರ ಪ್ರಕಟಣೆಯಲ್ಲಿ ಹೇಳಿದೆ, rbi.org.in ನಲ್ಲಿ ನೋಡಬಹುದು. ಯಾರೂ ಕಡಿಮೆ ಬೆಲೆಗೆ ಕೊಡಬೇಡಿ."

ಅಜ್ಜಿ, ಡಬ್ಬಿ ಅಲ್ಲೇ ಇರಲಿ. ಭಾನುವಾರ ಬಂದಾಗ ಇಬ್ಬರೂ ಕುಳಿತು ಎಣಿಸೋಣ, ಸೋಮವಾರ ನಾನೇ ಬ್ಯಾಂಕಿಗೆ ಕಟ್ಟಿ ಬರುತ್ತೇನೆ. ಇಸವಿಯ ಕೆಳಗೆ ಪುಟ್ಟ ನಕ್ಷತ್ರ ಇದ್ದರೆ ಅದು ಹೈದರಾಬಾದ್ ಟಂಕಸಾಲೆಯದು, ವಜ್ರದ ಗುರುತು ಇದ್ದರೆ ಮುಂಬೈಯದು. ಒಂದೊಂದನ್ನು ಪುಟ್ಟಿಗೆ ಎತ್ತಿಡಿ, ಶಾಲೆಗೆ ಒಯ್ದು ತೋರಿಸಬೇಕಂತೆ.

ವಿದ್ಯಾ