ಡ್ಯುಯಲ್ ಡೆಸ್ಕ್ ಪೂರೈಕೆ: ತಮ್ಮ ದರಪಟ್ಟಿ ಒಪ್ಪಿರುವ ಬಗ್ಗೆ

ಇಂದ: ಕಾರ್ಯದರ್ಶಿ, ಪ್ರೌಢಶಾಲೆ ಆಡಳಿತ ಮಂಡಳಿ, ತಿಪಟೂರು
ಗೆ: ಮಾಲೀಕರು, ಸ್ಟೀಲ್ ಫರ್ನಿಚರ್ ತಯಾರಕರು, ತುಮಕೂರು
ದಿನಾಂಕ: 06-04-2026

ಉಲ್ಲೇಖ: 28-03-2026ರಂದು ತೆರೆದ ದರಪಟ್ಟಿಗಳು

ಮಾನ್ಯರೇ,

ಬಂದ ಮೂರು ದರಪಟ್ಟಿಗಳನ್ನು ಹೋಲಿಸಿ ನೋಡಿ, 60 ಡೆಸ್ಕ್‌ಗಳ ಪೂರೈಕೆಯನ್ನು ತಮಗೇ ವಹಿಸಲು ಮಂಡಳಿ ತೀರ್ಮಾನಿಸಿದೆ. ತಮ್ಮದು ಎಲ್ಲಕ್ಕಿಂತ ಕಡಿಮೆ ದರವಲ್ಲ. ₹4,420ರ ದರವೂ ಬಂದಿತ್ತು; ಆದರೆ ಅದರಲ್ಲಿ 20 ಗೇಜ್ ಪೈಪ್, ಪಾರ್ಟಿಕಲ್ ಬೋರ್ಡ್ ಇದ್ದವು. ನಾವು ಕೇಳಿದ ವಿವರಕ್ಕೆ ಪೂರ್ತಿ ಹೊಂದಿದ ಎರಡರಲ್ಲಿ ತಮ್ಮದು ಕಡಿಮೆ.

ಒಂದಕ್ಕೆ ₹4,850ರಂತೆ ₹2,91,000, ಶೇ. 18 ಜಿಎಸ್‌ಟಿ ₹52,380, ಒಟ್ಟು ₹3,43,380. ಸಾಗಣೆ, ಇಳಿಸುವ ಕೂಲಿ ಇದರಲ್ಲೇ ಸೇರಿದೆ. ಕಬ್ಬಿಣದ ಬೆಲೆ ಏರಿದರೂ ದರ ಬದಲಾಗದು.

ಈ ಪತ್ರ ಕೈಸೇರಿದ ಕೂಡಲೇ 60 ಡೆಸ್ಕ್ ಕತ್ತರಿಸಲು ತೊಡಗಬೇಡಿ. ಮೊದಲು 20-04-2026ರೊಳಗೆ ಒಂದು ಮಾದರಿ ಡೆಸ್ಕ್ ತರಬೇಕು. ಅದನ್ನು ಒಪ್ಪಿ ಸಹಿ ಹಾಕಿದ ಮೇಲೆಯೇ ಖರೀದಿ ಆದೇಶ. ಆ ಮಾದರಿ ಶಾಲೆಯಲ್ಲೇ ಉಳಿಯುತ್ತದೆ, 60ರ ಲೆಕ್ಕಕ್ಕೆ ಸೇರುತ್ತದೆ. ಉಳಿದ 59ನ್ನು ಅದರ ಪಕ್ಕಕ್ಕಿಟ್ಟು ನೋಡುತ್ತೇವೆ.

ಮಾದರಿಯಲ್ಲಿ ನೋಡುವುದು ಇಷ್ಟು. ಕಾಲು 32 ಮಿ.ಮೀ. ಚೌಕ ಪೈಪ್, 16 ಗೇಜ್ (1.6 ಮಿ.ಮೀ.). ಕಾಲಿಡುವ ಅಡ್ಡಪಟ್ಟಿಯೂ 16 ಗೇಜೇ ಇರಲಿ: ಮಕ್ಕಳು ಅದರ ಮೇಲೆ ಹತ್ತಿ ನಿಲ್ಲುತ್ತಾರೆ, ಮೊದಲು ಬಾಗುವುದು ಅದೇ. ಪೈಪಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯಬೇಕಾದ್ದರಿಂದ ಮಾದರಿಯ ಒಂದು ಕಾಲಿಗೆ ಬುಷ್ ಹಾಕದೆ ತನ್ನಿ. ವೆಲ್ಡಿಂಗ್ ಜೋಡಣೆಯ ಸುತ್ತಲೂ ಬರಬೇಕು, ಚುಕ್ಕಿ ವೆಲ್ಡಿಂಗ್ ಬೇಡ. ಮೇಲ್ಹಲಗೆ 18 ಮಿ.ಮೀ. ಬಿಡಬ್ಲ್ಯೂಆರ್ ಪ್ಲೈವುಡ್, 1 ಮಿ.ಮೀ. ಲ್ಯಾಮಿನೇಟ್, ಅದನ್ನು ಸ್ಕ್ರೂನಿಂದಲ್ಲ, ಬೋಲ್ಟ್ ಮತ್ತು ನೈಲಾಕ್ ನಟ್‌ನಿಂದ ಬಿಗಿಯಬೇಕು. ಪ್ಲೈಗೆ ಕಚ್ಚಿದ ಸ್ಕ್ರೂ ಅಲುಗಾಡಿ ಅಲುಗಾಡಿ ಸಡಿಲವಾಗುತ್ತದೆ. ಪೌಡರ್ ಕೋಟಿಂಗ್‌ಗೆ ಮುನ್ನ ಜಿಡ್ಡು, ತುಕ್ಕು ತೆಗೆಯದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ; ಹಾಗೆ ಎದ್ದ ಡೆಸ್ಕ್ ವಾಪಸ್.

ಪೂರೈಕೆ 23-05-2026ರೊಳಗೆ, ಒಂದೇ ಕಂತಿನಲ್ಲಿ. ಮೇ ಕೊನೆಗೆ ತರಗತಿಗಳು ತೆರೆಯುವುದರಿಂದ ಈ ದಿನಾಂಕ ಸರಿಯುವಂತಿಲ್ಲ. ತಡವಾದ ಡೆಸ್ಕ್‌ಗಳ ಬೆಲೆಯ ಮೇಲೆ ವಾರಕ್ಕೆ ಶೇ. 0.5, ಗರಿಷ್ಠ ಶೇ. 5 ಕಡಿತವಾಗುತ್ತದೆ.

ತಾವು ಕೇಳಿದ ಶೇ. 50 ಮುಂಗಡ ಸಾಧ್ಯವಿಲ್ಲ. ಮಾದರಿ ಒಪ್ಪಿದ ಮೇಲೆ ಶೇ. 20 (₹68,676), ಎಲ್ಲ ಡೆಸ್ಕ್ ಪರಿಶೀಲಿಸಿ ಒಪ್ಪಿದ 15 ದಿನದೊಳಗೆ ಶೇ. 70 (₹2,40,366), ಉಳಿದ ₹34,338 ಒಂದು ವರ್ಷದ ನಂತರ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ, ಎಚ್‌ಎಸ್‌ಎನ್ ಕೋಡ್ ಇರಲಿ. ಚೌಕಟ್ಟು ಮತ್ತು ವೆಲ್ಡಿಂಗ್‌ಗೆ ಮೂರು ವರ್ಷ ಖಾತರಿ. ದೂರು ಬಂದ 7 ದಿನದಲ್ಲಿ ಶಾಲೆಗೇ ಬಂದು ಸರಿಪಡಿಸಬೇಕು.

ಈ ಷರತ್ತುಗಳು ಒಪ್ಪಿಗೆಯಾದರೆ ಪತ್ರದ ನಕಲಿಗೆ ಸಹಿ, ಮೊಹರು ಹಾಕಿ 11-04-2026ರ ಸಂಜೆ 4ರೊಳಗೆ ಶಾಲಾ ಕಚೇರಿಗೆ ತಲುಪಿಸಿ. ಅಷ್ಟರಲ್ಲಿ ಬಾರದಿದ್ದರೆ ₹5,300 ದರ ನೀಡಿದವರೊಂದಿಗೆ ಮಾತುಕತೆಗೆ ಮಂಡಳಿ ಮುಂದಾಗುತ್ತದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ

ಪ್ರತಿ: ಮುಖ್ಯೋಪಾಧ್ಯಾಯರು, ಖಜಾಂಚಿ