ಮನೋಪುಬ್ಬಂಗಮಾ ಧಮ್ಮಾ: ಧಮ್ಮಪದದ ಮೊದಲ ಗಾಥೆಯ ಪದಾರ್ಥ ಮತ್ತು ತಾತ್ಪರ್ಯ

ನಮ್ಮ ಭಾನುವಾರದ ಪಾಲಿ ಓದುಕೂಟದಲ್ಲಿ ಧಮ್ಮಪದವನ್ನು ಮೊದಲಿಂದ ಓದಬೇಕೆಂದು ತೀರ್ಮಾನವಾದಾಗ, ಮೊದಲ ಗಾಥೆಯ ಪದಾರ್ಥವನ್ನು ಬರೆದು ಕೊಡುವ ಹೊಣೆ ನನ್ನ ಪಾಲಿಗೆ ಬಂತು. ಕೂಟದಲ್ಲಿ ಸಂಸ್ಕೃತ ಬಲ್ಲವರು ಕೆಲವರಿದ್ದಾರೆ, ಕನ್ನಡವನ್ನು ಮಾತ್ರ ಓದಬಲ್ಲವರು ಹೆಚ್ಚು ಮಂದಿ ಇದ್ದಾರೆ. ಇಬ್ಬರಿಗೂ ಎಟುಕಲಿ ಎಂದು ಪಾಲಿಯನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ.

ಧಮ್ಮಪದವು ಸುತ್ತಪಿಟಕದ ಖುದ್ದಕನಿಕಾಯಕ್ಕೆ ಸೇರಿದ ಗ್ರಂಥ. ಇದರಲ್ಲಿ 26 ವಗ್ಗಗಳೂ 423 ಗಾಥೆಗಳೂ ಇವೆ. ಮೊದಲನೆಯದಾದ ಯಮಕವಗ್ಗದಲ್ಲಿ 20 ಗಾಥೆಗಳಿದ್ದು, ಅವು ಹೆಚ್ಚಾಗಿ ಅವಳಿಗಳಾಗಿ ಬರುತ್ತವೆ. ನಾವು ಓದುತ್ತಿರುವುದು ಮೊದಲ ಅವಳಿಯ ಮೊದಲ ಗಾಥೆ.

ಮನೋಪುಬ್ಬಂಗಮಾ ಧಮ್ಮಾ ಮನೋಸೆಟ್ಠಾ ಮನೋಮಯಾ |
ಮನಸಾ ಚೇ ಪದುಟ್ಠೇನ ಭಾಸತಿ ವಾ ಕರೋತಿ ವಾ |
ತತೋ ನಂ ದುಕ್ಖಮನ್ವೇತಿ ಚಕ್ಕಂವ ವಹತೋ ಪದಂ ||

ಛಂದಸ್ಸು ಸಂಸ್ಕೃತದ ಅನುಷ್ಟುಪ್ಪಿಗೆ ಸಮನಾದದ್ದು. ಪಾದಕ್ಕೆ ಎಂಟು ಅಕ್ಷರ. ಆದರೆ ನಾಲ್ಕು ಪಾದಗಳಿಗೆ ನಿಲ್ಲದೆ ಆರು ಪಾದಗಳವರೆಗೆ ಸಾಗುತ್ತದೆ. ಮೊದಲೆರಡು ಪಾದಗಳು ತತ್ತ್ವವನ್ನು ಹೇಳುತ್ತವೆ, ನಡುವಿನೆರಡು ಒಂದು ಸಂದರ್ಭವನ್ನು ಇಡುತ್ತವೆ, ಕೊನೆಯೆರಡು ಫಲವನ್ನು ಉಪಮೆಯೊಡನೆ ಕೊಡುತ್ತವೆ.

ಮೊದಲು ಪದಾರ್ಥ. ಮನೋಪುಬ್ಬಂಗಮಾ: ಮನಸ್ಸನ್ನು ಮುಂದಾಳಾಗಿ ಉಳ್ಳವು. ಧಮ್ಮಾ: ಧರ್ಮಗಳು, ಇಲ್ಲಿ ಚಿತ್ತದ ಸ್ಥಿತಿಗಳು. ಮನೋಸೆಟ್ಠಾ: ಮನಸ್ಸನ್ನು ಹಿರಿಯನಾಗಿ ಉಳ್ಳವು. ಮನೋಮಯಾ: ಮನಸ್ಸಿನಿಂದ ಆದವು. ಮನಸಾ: ಮನಸ್ಸಿನಿಂದ (ತೃತೀಯಾ ವಿಭಕ್ತಿ, ಏಕವಚನ). ಚೇ: ಆದರೆ, ಒಂದು ವೇಳೆ (ಸಂಸ್ಕೃತದ ‘ಚೇತ್’). ಪದುಟ್ಠೇನ: ಕೆಟ್ಟ, ಕೆಟ್ಟುಹೋದ (‘ಮನಸಾ’ ಎಂಬುದಕ್ಕೆ ವಿಶೇಷಣ). ಭಾಸತಿ: ಮಾತನಾಡುತ್ತಾನೆ. ವಾ: ಅಥವಾ. ಕರೋತಿ: ಮಾಡುತ್ತಾನೆ. ತತೋ: ಅದರಿಂದ, ಆ ಕಾರಣದಿಂದ. ನಂ: ಅವನನ್ನು. ದುಕ್ಖಂ: ದುಃಖವು. ಅನ್ವೇತಿ: ಹಿಂಬಾಲಿಸುತ್ತದೆ (ಅನು + ಏತಿ). ಚಕ್ಕಂವ: ಚಕ್ರದ ಹಾಗೆ (ಚಕ್ಕಂ + ಇವ). ವಹತೋ: ಹೊರುತ್ತಿರುವುದರ, ಎಳೆಯುತ್ತಿರುವುದರ (ಷಷ್ಠೀ). ಪದಂ: ಹೆಜ್ಜೆಯನ್ನು.

ಇಷ್ಟರಿಂದ ಗಾಥೆ ಅರ್ಥವಾದಂತೆ ತೋರುತ್ತದೆ. ನಿಜವಾದ ತೊಡಕು ‘ಧಮ್ಮಾ’ ಎಂಬ ಒಂದು ಪದದಲ್ಲಿದೆ. ಕನ್ನಡದಲ್ಲಿ ಧರ್ಮ ಎಂದ ಕೂಡಲೇ ಮತ, ನೀತಿ, ದಾನ ಇವೇ ಕಣ್ಣಮುಂದೆ ಬರುತ್ತವೆ. ಕಾಸು ಕೊಡದೆ ದಕ್ಕಿದ್ದನ್ನೂ ಧರ್ಮಕ್ಕೆ ಸಿಕ್ಕಿತು ಎನ್ನುತ್ತೇವೆ. ಆ ಅರ್ಥಗಳಲ್ಲಿ ಒಂದೂ ಇಲ್ಲಿ ಹೊಂದುವುದಿಲ್ಲ. ಇನ್ನೊಂದು ಕಡೆ, ‘ಧಮ್ಮಾ’ ಎಂದರೆ ಸಮಸ್ತ ವಸ್ತುಗಳು ಎಂದು ಹಿಡಿದು, ಬೆಟ್ಟ, ಹೊಳೆ, ದೇಹ ಎಲ್ಲವೂ ಮನಸ್ಸಿನ ಸೃಷ್ಟಿ ಎಂದು ಈ ಗಾಥೆ ಸಾರುತ್ತದೆಂಬ ವಿವರಣೆಯೂ ಬಹಳ ಹಬ್ಬಿದೆ. ಹೋದ ಭಾನುವಾರ ನಮ್ಮಲ್ಲೇ ಒಬ್ಬರು, ‘ಹಾಗಾದರೆ ಜಗತ್ತೆಲ್ಲ ಮನಸ್ಸಿನ ಆಟವೇ ಅಲ್ಲವೇ?’ ಎಂದು ಕೇಳಿದರು. ಅಲ್ಲ ಎಂಬುದು ನನ್ನ ಖಚಿತವಾದ ಉತ್ತರ. ಅದಕ್ಕೆ ಆಧಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಧಮ್ಮಪದದ ಅಟ್ಠಕಥೆ, ಎಂದರೆ ಪರಂಪರೆಯು ಬುದ್ಧಘೋಸರದೆಂದು ಹೇಳುವ ಪಾಲಿ ವ್ಯಾಖ್ಯಾನ, ಧಮ್ಮ ಶಬ್ದಕ್ಕೆ ಗುಣ, ಉಪದೇಶ, ಶಾಸ್ತ್ರಪಾಠ, ಜೀವವ್ಯಕ್ತಿಯಲ್ಲದ ವಿದ್ಯಮಾನ ಎಂಬ ನಾಲ್ಕು ಅರ್ಥಗಳನ್ನು ಎಣಿಸಿ, ಇಲ್ಲಿ ಕೊನೆಯದನ್ನೇ ಹಿಡಿಯಬೇಕೆನ್ನುತ್ತದೆ. ಅದರಲ್ಲೂ ವೇದನಾ, ಸಞ್ಞಾ, ಸಂಖಾರ ಎಂಬ ಮೂರು ಅರೂಪಸ್ಕಂಧಗಳು ಮಾತ್ರ, ಅಂದರೆ ಅನಿಸಿಕೆ, ಗುರುತಿಸುವಿಕೆ, ಸಂಕಲ್ಪವೇ ಮೊದಲಾದ ಚೇತಸಿಕಗಳು ಮಾತ್ರ, ಇಲ್ಲಿಯ ‘ಧಮ್ಮಾ’. ರೂಪಸ್ಕಂಧ, ಅಂದರೆ ಕಲ್ಲು ಮಣ್ಣು ಮೈ, ಈ ಲೆಕ್ಕದಲ್ಲಿ ಬರುವುದಿಲ್ಲ. ಅಂಗುತ್ತರನಿಕಾಯದ ಏಕಕನಿಪಾತದಲ್ಲೂ ಇದೇ ಮಾತು ಇದೆ: ಅಕುಶಲವಾದ ಯಾವ ಧರ್ಮಗಳಿವೆಯೋ ಅವೆಲ್ಲವೂ ಮನೋಪುಬ್ಬಂಗಮ, ಮನಸ್ಸು ಮೊದಲು ಹುಟ್ಟುತ್ತದೆ, ಅದರ ಬೆನ್ನಿಗೇ ಅಕುಶಲ ಧರ್ಮಗಳು, ಕುಶಲ ಧರ್ಮಗಳಿಗೂ ಹಾಗೆಯೇ. ಅಲ್ಲಿ ನಡೆದಿರುವುದು ಒಳ್ಳೆಯದು ಕೆಟ್ಟದ್ದರ ವಿಚಾರವೇ ಹೊರತು ಜಗತ್ಸೃಷ್ಟಿಯ ವಿಚಾರವಲ್ಲ. ನಮ್ಮ ಗಾಥೆಯೂ ಮುಂದಿನ ಸಾಲಿಗೇ ‘ಮಾತನಾಡಿದರೆ, ಮಾಡಿದರೆ’ ಎಂದು ನಡತೆಗೆ ಇಳಿದುಬಿಡುತ್ತದೆ.

ಈಗ ‘ಪುಬ್ಬಂಗಮ’ವನ್ನು ನೋಡಬಹುದು. ಪುಬ್ಬ ಎಂಬುದು ಪೂರ್ವ. ಗಮ ಎಂಬುದು ಹೋಗು ಎಂಬರ್ಥದ ಧಾತು. ಮುಂದೆ ಹೋಗುವುದು, ಮುಂದಾಳು ಎಂದಾಯಿತು. ಇಡೀ ಸಮಾಸ ಬಹುವ್ರೀಹಿ, ಆದ್ದರಿಂದಲೇ ‘ಧಮ್ಮಾ’ ಎಂಬ ಬಹುವಚನಕ್ಕೆ ಹೊಂದಿಕೊಂಡು ‘ಪುಬ್ಬಂಗಮಾ’ ಎಂದಾಗಿದೆ. ಮನಸ್ಸು ಮುಂದೆ ಹೋಗುತ್ತದೆಂದರೆ ಅದು ಒಂದು ಕ್ಷಣ ಮೊದಲು ಹುಟ್ಟಿ ಉಳಿದವಕ್ಕಾಗಿ ಕಾಯುತ್ತದೆ ಎಂದೇ? ಚಿತ್ತವೂ ಚೇತಸಿಕಗಳೂ ಒಟ್ಟಿಗೇ ಹುಟ್ಟುತ್ತವೆ ಎಂಬುದು ಅಟ್ಠಕಥೆಯ ನಿಲುವು. ಆದರೂ ಮನಸ್ಸು ಹುಟ್ಟದಿದ್ದರೆ ಅವು ಹುಟ್ಟಲಾರವು. ಅವುಗಳಲ್ಲಿ ಕೆಲವು ಹುಟ್ಟದಿದ್ದರೂ ಮನಸ್ಸು ಹುಟ್ಟಬಲ್ಲುದು. ಅದಕ್ಕಾಗಿ ಅದು ಮುಂದಾಳು. ವ್ಯಾಖ್ಯಾನಕಾರರು ಕೊಡುವ ನಿದರ್ಶನ ಊರು ಲೂಟಿ ಮಾಡುವ ಗುಂಪಿನದು: ಎಲ್ಲರೂ ಕೂಡಿಯೇ ನುಗ್ಗಿದ್ದರೂ, ಇವರಲ್ಲಿ ಮುಂದಾಳು ಯಾರು ಎಂದು ಕೇಳಿದರೆ, ಯಾರನ್ನು ನೆಮ್ಮಿ ಉಳಿದವರು ಆ ಕೆಲಸಕ್ಕೆ ಇಳಿದರೋ ಅವನ ಹೆಸರನ್ನೇ ಹೇಳುತ್ತಾರೆ.

‘ಸೆಟ್ಠ’ ಎಂಬುದು ಸಂಸ್ಕೃತದ ಶ್ರೇಷ್ಠ. ನಮ್ಮ ‘ಸೆಟ್ಟಿ’ ಕೂಡ ಇದೇ ಕುಲದ ಮಾತು, ಶ್ರೇಷ್ಠಿಯಿಂದ ಬಂದದ್ದು. ಕಳ್ಳರ ಗುಂಪಿಗೆ ಯಜಮಾನನಿರುವಂತೆ ಚೇತಸಿಕಗಳಿಗೆ ಮನಸ್ಸು ಯಜಮಾನ.

‘ಮಯ’ದ ಬಳಿ ಎಚ್ಚರ ಬೇಕು. ದುಃಖಮಯ, ಜಲಮಯ ಎಂದಾಗ ಕನ್ನಡದಲ್ಲಿ ಅದು ತುಂಬಿರುವಿಕೆಯನ್ನು ಹೇಳುತ್ತದೆ. ಇಲ್ಲಿಯದು ಮೃಣ್ಮಯ, ದಾರುಮಯ ಎಂಬಲ್ಲಿನ ಮಯ: ಮಣ್ಣಿನಿಂದಾದ ಮಡಕೆ, ಮರದಿಂದಾದ ಸಾಮಾನು ಎಂಬಂತೆ ಮನಸ್ಸಿನಿಂದಾದದ್ದು. ಈ ಪದದಲ್ಲಿ ಒಂದು ಪಾಠಾಂತರವೂ ಇದೆ. ಸಂಸ್ಕೃತದ ಉದಾನವರ್ಗದಲ್ಲಿ ಇದೇ ಶ್ಲೋಕ ‘ಮನಃಪೂರ್ವಂಗಮಾ ಧರ್ಮಾ ಮನಃಶ್ರೇಷ್ಠಾ ಮನೋಜವಾಃ’ ಎಂದಿದೆ. ಖೋತಾನಿನ ಬಳಿ 1892ರಲ್ಲಿ ದೊರೆತ, ಭೂರ್ಜಪತ್ರದ ಮೇಲೆ ಖರೋಷ್ಠೀ ಲಿಪಿಯಲ್ಲಿ ಬರೆದ ಗಾಂಧಾರೀ ಧರ್ಮಪದದಲ್ಲೂ ‘ಮನೋಜವ’ ಎಂಬ ಪಾಠವೇ ಇದೆ. ಮನೋಜವ ಎಂದರೆ ಮನಸ್ಸಿನ ವೇಗವುಳ್ಳದ್ದು, ಮನಸ್ಸಿನಿಂದ ಚುರುಕುಗೊಂಡದ್ದು. ಮುಂದೆ ಹೋಗುವುದು, ಹಿಂಬಾಲಿಸುವುದು, ಗಾಡಿ ಎಳೆಯುವುದು ಎಂದು ನಡಿಗೆಯ ಮಾತುಗಳೇ ತುಂಬಿರುವ ಈ ಗಾಥೆಗೆ ಆ ಪಾಠ ಸೊಗಸಾಗಿ ಒಪ್ಪುತ್ತದೆ ಎಂದು ನನಗೆ ಅನಿಸುತ್ತದೆ. ನಾವು ಓದುತ್ತಿರುವುದು ಪಾಲಿ ಪಾಠವಾದ್ದರಿಂದ ಅರ್ಥದಲ್ಲಿ ‘ಮನೋಮಯ’ವನ್ನೇ ಉಳಿಸಿಕೊಂಡಿದ್ದೇನೆ.

‘ಪದುಟ್ಠ’ ಎಂಬುದು ಸಂಸ್ಕೃತದ ಪ್ರದುಷ್ಟ, ದುಷ್ ಧಾತುವಿನ ಭೂತಕೃದಂತ. ‘ದುಷ್ಟ ಮನಸ್ಸಿನಿಂದ’ ಎಂದು ಬರೆದರೆ ತಪ್ಪಾಗದು, ಆದರೆ ಒಬ್ಬನ ಹುಟ್ಟುಗುಣವನ್ನು ಹೇಳಿದಂತೆ ಕೇಳಿಸುತ್ತದೆ. ಕೃದಂತವು ಹೇಳುತ್ತಿರುವುದು ಆಗಿಹೋದ ಒಂದು ವಿಕಾರವನ್ನು: ಬೆಳಿಗ್ಗೆ ಚೆನ್ನಾಗಿದ್ದ ಹಾಲು ಸಂಜೆಗೆ ಕೆಟ್ಟಂತೆ ಕೆಟ್ಟ ಮನಸ್ಸನ್ನು. ‘ಮನಸ್ಸು ಕೆಡಿಸಿಕೊಳ್ಳಬೇಡ’ ಎಂದು ಮನೆಯಲ್ಲಿ ಹಿರಿಯರು ಹೇಳುತ್ತಾರಲ್ಲ, ಅಲ್ಲಿಯ ಕೆಡುವಿಕೆ ಇದಕ್ಕೆ ಹತ್ತಿರ. ಅಟ್ಠಕಥೆಯ ಪ್ರಕಾರ, ಅಂಥ ಮನಸ್ಸಿನಿಂದ ಮಾತನಾಡುವವನು ನಾಲ್ಕು ಬಗೆಯ ವಾಗ್ದೋಷಗಳನ್ನೂ, ಮಾಡುವವನು ಮೂರು ಬಗೆಯ ಕಾಯದೋಷಗಳನ್ನೂ ಮಾಡುತ್ತಾನೆ. ಆಡದೆ ಮಾಡದೆ ಉಳಿದರೂ ಮೂರು ಮನೋದೋಷಗಳು ತುಂಬುತ್ತವೆ. ಹೀಗೆ ಹತ್ತು ಅಕುಶಲ ಕರ್ಮಪಥಗಳು ಪೂರ್ಣವಾಗುತ್ತವೆ.

ಗಾಥೆಗೆ ಜೋಡಿಸಿರುವ ಚಕ್ಖುಪಾಲ ಥೇರರ ಕಥೆ ಈ ಪದದ ಮೇಲೆ ಒಳ್ಳೆಯ ಬೆಳಕು ಬೀರುತ್ತದೆ. ಕಣ್ಣು ಕಳೆದುಕೊಂಡಿದ್ದ ಥೇರರು ಮಳೆಯಾದ ಬಳಿಕ ನೆಲದಲ್ಲಿ ಚಂಕ್ರಮಣ, ಎಂದರೆ ಧ್ಯಾನದ ನಡಿಗೆ, ಮಾಡುತ್ತಿದ್ದಾಗ ಕಾಲಡಿ ಸಿಕ್ಕಿ ಎಷ್ಟೋ ಹುಳಗಳು ಸತ್ತವು. ಭಿಕ್ಷುಗಳು ದೂರಿದಾಗ ಬುದ್ಧರು, ಅವರು ಕೊಲ್ಲುವುದನ್ನು ನೀವು ನೋಡಿದಿರಾ ಎಂದು ಕೇಳಿ, ಕೊಲ್ಲುವುದನ್ನು ನೀವು ಹೇಗೆ ನೋಡಲಿಲ್ಲವೋ ಹಾಗೆಯೇ ಅವರೂ ಹುಳಗಳನ್ನು ನೋಡಲಿಲ್ಲ, ಅರ್ಹಂತರಿಗೆ ಕೊಲ್ಲುವ ಚೇತನೆಯೇ ಇರುವುದಿಲ್ಲ ಎಂದರು. ಹಾಗಾದರೆ ಕಣ್ಣು ಹೋದದ್ದೇಕೆ? ಹಿಂದಿನ ಜನ್ಮದಲ್ಲಿ ಅವರು ವೈದ್ಯ. ಕಣ್ಣು ವಾಸಿಯಾದರೆ ಮಕ್ಕಳೊಡನೆ ದಾಸಿಯಾಗುತ್ತೇನೆಂದಿದ್ದ ಹೆಂಗಸು, ವಾಸಿಯಾದ ಮೇಲೆ ನೋವು ಹೆಚ್ಚಾಯಿತೆಂದು ಸುಳ್ಳಾಡಿದಳು. ಅವನು ಸಿಟ್ಟಿನಿಂದ ಬೇರೆ ಮದ್ದು ಕೊಟ್ಟು ಕಣ್ಣು ಕಳೆದನು. ಎರಡು ಸಲವೂ ಮದ್ದು ಕೊಟ್ಟ ಕೈ ಒಂದೇ. ನಡುವೆ ಕೆಟ್ಟದ್ದು ಮನಸ್ಸು. ಹುಳ ತುಳಿದ ಕಾಲಿನ ಹಿಂದೆ ಅಂಥ ಮನಸ್ಸೇ ಇರಲಿಲ್ಲ.

ಇನ್ನು ಉಪಮೆ. ‘ವಹತೋ’ ಎಂದಷ್ಟೇ ಮೂಲದಲ್ಲಿದೆ; ಎತ್ತು ಎಂಬ ಮಾತಿಲ್ಲ. ನೊಗಕ್ಕೆ ಹೂಡಿದ ಎತ್ತು ಎಂದು ಅಟ್ಠಕಥೆ ತುಂಬಿಕೊಡುತ್ತದೆ. ‘ಪದಂ’ ಎಂಬುದಕ್ಕೆ ಕಾಲು ಎಂದೂ ಹೆಜ್ಜೆಯ ಗುರುತು ಎಂದೂ ಅರ್ಥ ಮಾಡಬಹುದು. ಮಣ್ಣಿನ ದಾರಿಯಲ್ಲಿ ಹೊರೆ ತುಂಬಿದ ಎತ್ತಿನ ಗಾಡಿಯ ಹಿಂದೆ ನಡೆದವರಿಗೆ ಈ ಚಿತ್ರ ತಿಳಿದೇ ಇರುತ್ತದೆ: ಎತ್ತು ಊರಿದ ಗೊರಸಿನ ಗುರುತು ಅಚ್ಚಾಗಿ ಮೂಡಿರುತ್ತದೆ, ಮರುಗಳಿಗೆಗೆ ಗಾಲಿ ಬಂದು ಅದರ ಅಂಚನ್ನು ಒತ್ತಿ ಅರೆದು ಮುಂದೆ ಹೋಗುತ್ತದೆ. ಎತ್ತು ಬೇಗ ನಡೆದರೆ ಗಾಲಿಯೂ ಬೇಗ ಬರುತ್ತದೆ. ಗಾಲಿಯನ್ನು ಎಳೆದು ತರುತ್ತಿರುವುದೂ ಆ ಎತ್ತೇ. ವ್ಯಾಖ್ಯಾನಕಾರರು ಇನ್ನೂ ಹತ್ತಿರದಿಂದ ನೋಡಿದ್ದಾರೆ: ಮುಂದಕ್ಕೆ ಎಳೆದರೆ ನೊಗ ಕೊರಳನ್ನು ಒತ್ತುತ್ತದೆ, ಹಿಂದಕ್ಕೆ ಸರಿದರೆ ಗಾಲಿ ತೊಡೆಗೆ ಬಡಿಯುತ್ತದೆ.

ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ತಾತ್ಪರ್ಯವನ್ನು ಹೀಗೆ ಬರೆದಿದ್ದೇನೆ: ಚಿತ್ತದ ಸ್ಥಿತಿಗಳಿಗೆಲ್ಲ ಮನಸ್ಸೇ ಮುಂದಾಳು, ಮನಸ್ಸೇ ಯಜಮಾನ, ಅವು ಮನಸ್ಸಿನಿಂದಲೇ ಆದವು, ಕೆಟ್ಟ ಮನಸ್ಸಿನಿಂದ ಒಬ್ಬನು ಮಾತನಾಡಿದರೆ ಅಥವಾ ಏನನ್ನಾದರೂ ಮಾಡಿದರೆ, ಅದರಿಂದ ದುಃಖವು, ಗಾಡಿ ಎಳೆಯುವ ಎತ್ತಿನ ಹೆಜ್ಜೆಯನ್ನು ಗಾಲಿ ಹಿಂಬಾಲಿಸುವಂತೆ, ಅವನನ್ನು ಹಿಂಬಾಲಿಸುತ್ತದೆ.

ಮುಂದಿನ ಭಾನುವಾರಕ್ಕೆ ಇದರ ಅವಳಿಯನ್ನು ಓದಿಕೊಂಡು ಬರಬೇಕು. ಮೊದಲೆರಡು ಪಾದಗಳು ಇವೇ. ‘ಪದುಟ್ಠೇನ’ ಇದ್ದಲ್ಲಿ ‘ಪಸನ್ನೇನ’, ‘ದುಕ್ಖಂ’ ಇದ್ದಲ್ಲಿ ‘ಸುಖಂ’, ಕೊನೆಯ ಪಾದ ‘ಛಾಯಾವ ಅನಪಾಯಿನೀ’, ಬಿಟ್ಟುಹೋಗದ ನೆರಳಿನಂತೆ. ಪಸನ್ನ ಎಂದರೆ ಪ್ರಸನ್ನ. ಸಂಸ್ಕೃತದಲ್ಲಿ ಪ್ರಸನ್ನ ಎಂಬುದು ಕದಡದ ನೀರಿಗೂ ಸಲ್ಲುವ ಮಾತು, ಕನ್ನಡದ ‘ತಿಳಿ’ ಎಂಬುದು ಅದಕ್ಕೆ ಸರಿಯಾಗಿ ನಿಲ್ಲುತ್ತದೆ. ಗಾಲಿಗೆ ಭಾರವಿದೆ, ನೆರಳಿಗೆ ಇಲ್ಲ. ಎರಡು ಗಾಥೆಗಳನ್ನೂ ಕಂಠಪಾಠ ಮಾಡಿಕೊಂಡು ಬಂದರೆ, ಎಂಟೆಂಟು ಅಕ್ಷರಕ್ಕೆ ನಿಲ್ಲಿಸಿ ಎಲ್ಲರೂ ಒಟ್ಟಿಗೆ ಹೇಳಿ, ಆಮೇಲೆ ‘ಪಸನ್ನ’ದಿಂದಲೇ ಚರ್ಚೆಯನ್ನು ಆರಂಭಿಸಬಹುದು.